ಲಾಂಚ್ ರಾತ್ರಿಯ ಮೆಸೇಜುಗಳಿಂದ ಧನ್ಯವಾದ ಪತ್ರ ಮಾಡುವುದು ಹೇಗೆ?

"ಆ್ಯಪ್ ಲೈವ್ ಆದ ರಾತ್ರಿ ಗ್ರೂಪ್‌ನಾಗೆ ಖುಷಿಗೆ ಏನೇನೋ ಹಾಕಿದ್ವಿ. ಈಗ ಅದನ್ನೇ ತಿದ್ದಿ ಟೀಮಿಗೆ ಒಂದು ಥ್ಯಾಂಕ್ಸ್ ಪತ್ರ ಮಾಡು ಅಂತಾರೆ ಸಾಹೇಬ್ರು. ಎಲ್ಲಿಂದ ಶುರು ಮಾಡ್ಲಿ?"

ಮೆಸೇಜುಗಳನ್ನು ಅಳಿಸದೆ ಒಂದು ಕಡೆ ನಕಲು ಮಾಡಿಕೊಳ್ಳುವುದರಿಂದ. ಅವುಗಳ ಭಾಷೆ ಪತ್ರಕ್ಕೆ ಬರುವುದಿಲ್ಲ, ನಿಜ. ಆದರೆ ಯಾರು ಏನು ಮಾಡಿದರು ಎಂಬ ಸುಳಿವು ಅವುಗಳಲ್ಲೇ ಇರುತ್ತದೆ.

ಒಂದು ಮಾದರಿ ಇಟ್ಟುಕೊಳ್ಳೋಣ. ದಾವಣಗೆರೆಯ ಸಣ್ಣ ಸಾಫ್ಟ್‌ವೇರ್ ತಂಡವೊಂದು ಎಪಿಎಂಸಿಯ ದಲಾಲಿ ಅಂಗಡಿಗಳಿಗೆ ಆ್ಯಪ್ ಮಾಡಿದೆ. ಮೆಕ್ಕೆಜೋಳ ತೂಗಿದ ಕೂಡಲೇ ಗುಮಾಸ್ತರು ಮೊಬೈಲಿನಲ್ಲಿ ತೂಕ ಒತ್ತುತ್ತಾರೆ, ಅಂಗೈಯಗಲದ ಬ್ಲೂಟೂತ್ ಪ್ರಿಂಟರಿನಿಂದ ರೈತರ ಕೈಗೆ ಕನ್ನಡದ ಚೀಟಿ ಬರುತ್ತದೆ. ಲಾಂಚ್ ರಾತ್ರಿಯ ಮೆಸೇಜುಗಳು ಹೀಗಿವೆ:

"ಲೇ ಮಗಾ, ಲೈವ್ ಆತು! ಬೆಂಕಿ ಬೆಂಕಿ!"

"ಪ್ರಿಂಟರ್ ಹುಲಿ ನಮ್ ಹುಡುಗ! ಅವನಿಲ್ಲಾಂದ್ರೆ ಇವತ್ತು ಮಾನ ಹೋಗ್ತಿತ್ತು"

"ಅಕ್ಕಾ, ನಿಮ್ಮಿಂದಲೇ ಇದೆಲ್ಲ. ಯಾರ್ಡ್‌ನಾಗೆ ಎಲ್ರೂ ಹಾಕ್ಕೊಂಡ್ರು!"

"ಟೆಸ್ಟಿಂಗ್‌ನೋರು ಪ್ರಾಣ ತಿಂದಿದ್ದು ಸಾರ್ಥಕ ಆತು ಬಿಡ್ರಿ"

"ನಾಳೆ ಎಲ್ರಿಗೂ ಬೆಣ್ಣೆ ದೋಸೆ ನಂದು. ರಜಾನೂ ಕೊಡಸ್ತೀನಿ"

ಇವನ್ನು ನೇರವಾಗಿ ಗ್ರಾಂಥಿಕಕ್ಕೆ ಇಳಿಸಿದರೆ ಏನಾಗುತ್ತದೆ ಗೊತ್ತಲ್ಲ: "ಈ ಯಶಸ್ಸಿಗೆ ಸಹಕರಿಸಿದ ಸರ್ವರಿಗೂ ಹೃತ್ಪೂರ್ವಕ ಧನ್ಯವಾದಗಳು." ಊರಿನ ಫ್ಲೆಕ್ಸ್‌ಗಳಲ್ಲಿ ದಿನಾ ಕಾಣುವ ಸಾಲು ಇದು. ಇದಕ್ಕಿಂತ ಆ ಬೆಂಕಿಯೇ ವಾಸಿ. ಅದರಲ್ಲಿ ಜೀವವಾದರೂ ಇತ್ತು. ಇನ್ನೂ ಕೆಟ್ಟದ್ದು ಸರ್ಕಾರಿ ಆದೇಶದ ಧಾಟಿ. "ಮುದ್ರಣದ ತೊಂದರೆಯನ್ನು ಸರಿಪಡಿಸಲಾಯಿತು" ಎಂದು ಬರೆದರೆ ಸರಿಪಡಿಸಿದವರೇ ವಾಕ್ಯದಿಂದ ಮಾಯ. ಆದ್ದರಿಂದ ಧನ್ಯವಾದ ಪತ್ರದಲ್ಲಿ "ಲಾಯಿತು" ಕಂಡಲ್ಲೆಲ್ಲ ಮಾಡಿದವರ ಹೆಸರು ಹಾಕಿ ವಾಕ್ಯವನ್ನು ತಿರುಗಿಸಿ ಬರೆಯಿರಿ.

ಈಗ ಪ್ರತಿ ಮೆಸೇಜಿಗೂ ಎರಡು ಪ್ರಶ್ನೆ ಕೇಳಿ: ಇವರು ನಿಜವಾಗಿ ಮಾಡಿದ್ದೇನು? ಅದರಿಂದ ಯಾರಿಗೆ ಏನಾಯಿತು? ಉತ್ತರ ಮೆಸೇಜಿನಲ್ಲಿ ಇರುವುದಿಲ್ಲ, ಕೆಲಸ ಮಾಡಿದವರನ್ನೇ ಕೇಳಬೇಕು. ಪ್ರಿಂಟರ್ ಹುಲಿಯನ್ನೇ ನೋಡಿ. ಇಂಥ ಅಗ್ಗದ ಥರ್ಮಲ್ ಪ್ರಿಂಟರುಗಳ ಒಳಗೆ ಸಾಮಾನ್ಯವಾಗಿ ಕನ್ನಡದ ಫಾಂಟ್ ಇರುವುದಿಲ್ಲ. ಅಕ್ಷರಗಳನ್ನು ಹಾಗೇ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳೋ ಅರ್ಥವಿಲ್ಲದ ಗುರುತುಗಳೋ ಬರುತ್ತವೆ. ಅದಕ್ಕೆ ಇಡೀ ಚೀಟಿಯನ್ನು ಮೊಬೈಲಿನಲ್ಲೇ ಚಿತ್ರವಾಗಿ ಬಿಡಿಸಿ ಕಳಿಸಬೇಕು. 58 ಮಿಲಿಮೀಟರ್ ಕಾಗದದ ಪ್ರಿಂಟರಿನಲ್ಲಿ ಆ ಚಿತ್ರದ ಅಗಲ ಸಾಮಾನ್ಯವಾಗಿ 384 ಚುಕ್ಕಿ. ಅದಕ್ಕಿಂತ ಅಗಲವಾದರೆ ಬಲಗಡೆಯ ಅಂಕಿ ಕತ್ತರಿಸಿ ಹೋಗಬಹುದು, ಅಕ್ಷರ ತೀರಾ ಸಣ್ಣದಾದರೆ ಒತ್ತಕ್ಷರ ಮಸಿ ಮೆತ್ತಿಕೊಂಡಂತೆ ಕಾಣುತ್ತದೆ. ಆ ಹುಡುಗ ಮಾಡಿದ್ದು ಈ ಕೆಲಸ.

ಇಷ್ಟನ್ನೂ ಪತ್ರದಲ್ಲಿ ತುಂಬಬೇಡಿ. "ಚೀಟಿಯಲ್ಲಿ ರೈತರ ಹೆಸರು ಒತ್ತಕ್ಷರ ಸಮೇತ ಸ್ಪಷ್ಟವಾಗಿ ಬರುವಂತೆ ಮಾಡಿದರು" ಎಂದರೆ ಸಾಕು. ಮಾಡಿದವರಿಗೆ ತಮ್ಮ ಕಷ್ಟ ಯಾರಿಗೋ ಅರ್ಥವಾಗಿದೆ ಅಂತ ತಿಳಿಯುತ್ತದೆ, ಅಕೌಂಟ್ಸ್‌ನವರಿಗೂ ವಿಷಯ ಹಿಡಿಯುತ್ತದೆ.

"ಎಲ್ರೂ ಹಾಕ್ಕೊಂಡ್ರು" ಎಂಬುದನ್ನು ಹಾಗೇ ಬಿಡುವಂತಿಲ್ಲ. ಡ್ಯಾಶ್‌ಬೋರ್ಡ್ ತೆಗೆದು ನೋಡಿ. ನಮ್ಮ ಮಾದರಿಯಲ್ಲಿ 14 ಅಂಗಡಿಗಳು ಆ್ಯಪ್ ಹಾಕಿಕೊಂಡಿವೆ, ಮೊದಲ ದಿನ ಚೀಟಿ ಕೊಟ್ಟದ್ದು 9. ಪತ್ರಕ್ಕೆ 9 ಬರಲಿ. ಹಾಕಿಕೊಂಡವರ ಲೆಕ್ಕಕ್ಕಿಂತ ಬಳಸಿದವರ ಲೆಕ್ಕ ಗಟ್ಟಿ. ಯಾರ್ಡ್‌ನಲ್ಲಿ ನಿಂತು ಗುಮಾಸ್ತರಿಗೆ ಕಲಿಸಿದ ಅಕ್ಕನಿಗೂ ನಿಜ ಸಂಖ್ಯೆ ಗೊತ್ತಿರುತ್ತದೆ. ಉಬ್ಬಿಸಿ ಬರೆದರೆ ಹೊಗಳಿಕೆಯೂ ಅಷ್ಟೇ ಪೊಳ್ಳು ಅಂದುಕೊಳ್ಳುತ್ತಾರೆ.

ರಜೆಯ ಮಾತು ಅಪಾಯದ್ದು. ಗ್ರೂಪ್‌ನಲ್ಲಿ ಅದು ಹುಮ್ಮಸ್ಸು, ಪತ್ರದಲ್ಲಿ ಬಂದರೆ ಕಂಪನಿಯ ಮಾತು. ಒಪ್ಪಿಗೆ ಸಿಕ್ಕಿದ್ದರೆ ದಿನ ಹಾಕಿ ಬರೆಯಿರಿ, ಇಲ್ಲದಿದ್ದರೆ ತೆಗೆದುಬಿಡಿ. ಬೆಣ್ಣೆ ದೋಸೆ ಇರಲಿ, ಆದರೆ ಯಾವ ದಿನ, ಎಷ್ಟು ಹೊತ್ತಿಗೆ ಎಂದು ಹೇಳಿ. "ಪ್ರಾಣ ತಿಂದಿದ್ದು" ಸಲುಗೆಯ ತಮಾಷೆ. ರಾತ್ರಿ ನಕ್ಕವರೇ ಅಚ್ಚಾದ ಪತ್ರದಲ್ಲಿ ಓದಿದರೆ ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಅದರ ಹಿಂದಿನ ಸಂಗತಿ ಮಾತ್ರ ಇಟ್ಟುಕೊಳ್ಳಿ.

ಸಂಬೋಧನೆ ವಿಷಯಕ್ಕೆ ಬಂದರೆ, ಗ್ರೂಪ್‌ನಲ್ಲಿ ಒಬ್ಬ ಮಗಾ, ಒಬ್ಬರು ಅಕ್ಕ, ಇನ್ನೊಬ್ಬ ನಮ್ ಹುಡುಗ. ಪತ್ರದಲ್ಲಿ ಎಲ್ಲರ ಹೆಸರಿನ ಮುಂದೆಯೂ "ಅವರು". ಮೊನ್ನೆ ಸೇರಿದ ಇಂಟರ್ನ್‌ಗೂ ಅದೇ. ಹಿರಿಯರಿಗೆ ಮಾತ್ರ "ಅವರು" ಹಾಕಿ ಕಿರಿಯರನ್ನು "ಮಾಡಿದ" ಎಂದು ಏಕವಚನದಲ್ಲಿ ಬಿಟ್ಟರೆ ತಕ್ಷಣ ಕಣ್ಣಿಗೆ ಹೊಡೆಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಡವುವುದು ಬಿಟ್ಟುಹೋದ ಹೆಸರುಗಳಲ್ಲಿ. ರಾತ್ರಿ 11ಕ್ಕೆ ಗ್ರೂಪ್‌ನಲ್ಲಿ ಯಾರು ಎಚ್ಚರವಿದ್ದರೋ ಅವರಿಗೇ ಹೊಗಳಿಕೆ ಸಿಕ್ಕಿರುತ್ತದೆ. ಬೆಳಗ್ಗೆ 6ಕ್ಕೆ ಎದ್ದು ಅಂಗಡಿಗಳ ಫೋನ್ ಎತ್ತಬೇಕಿದ್ದವರು ಆಗಲೇ ಮಲಗಿರುತ್ತಾರೆ. ಎರಡು ತಿಂಗಳ ಹಿಂದೆ ಕೆಲಸ ಬಿಟ್ಟವರು, ಪೇಪರ್ ರೋಲ್ ಹೊತ್ತು ತಂದ ಆಫೀಸ್ ಸಹಾಯಕರು ಗ್ರೂಪ್‌ನಲ್ಲೇ ಇರುವುದಿಲ್ಲ. ಹಾಗಾಗಿ ಹೆಸರಿನ ಪಟ್ಟಿಯನ್ನು ಮೆಸೇಜಿನಿಂದ ಮಾಡಬೇಡಿ. ಕೆಲಸದ ಪಟ್ಟಿ, ಹಾಜರಿ, ಸಪೋರ್ಟ್ ಕಾಲ್‌ಗಳ ದಾಖಲೆ ಮೂರನ್ನೂ ತೆಗೆದು ನೋಡಿ, ಆಮೇಲೆ ಬೇರೆ ವಿಭಾಗದ ಒಬ್ಬರಿಗೆ ಕರಡು ತೋರಿಸಿ "ಯಾರು ಬಿಟ್ಟುಹೋಗಿದ್ದಾರೆ?" ಎಂದಷ್ಟೇ ಕೇಳಿ. ಚೆನ್ನಾಗಿದೆಯಾ ಎಂದು ಕೇಳಿದರೆ ಎಲ್ಲರೂ ಹೂಂ ಅಂತಾರೆ.

ಇಷ್ಟೆಲ್ಲ ಆದ ಮೇಲೆ ನಮ್ಮ ಮಾದರಿ ಹೀಗೆ ನಿಲ್ಲುತ್ತದೆ. ಹೆಸರಿನ ಜಾಗದಲ್ಲಿ ಇಲ್ಲಿ ಕೆಲಸ ಹೇಳಿದ್ದೇನೆ, ನಿಮ್ಮಲ್ಲಿ ಹೆಸರೇ ಇರಬೇಕು.

"ಎಲ್ಲರಿಗೂ ನಮಸ್ಕಾರ. ಸೋಮವಾರ ನಮ್ಮ ಆ್ಯಪ್ ಯಾರ್ಡ್‌ಗೆ ಬಂತು. ಮೊದಲ ದಿನವೇ 9 ಅಂಗಡಿಗಳು ರೈತರಿಗೆ ಕನ್ನಡದಲ್ಲಿ ತೂಕದ ಚೀಟಿ ಕೊಟ್ಟವು. ಚೀಟಿಯಲ್ಲಿ ರೈತರ ಹೆಸರು ಒತ್ತಕ್ಷರ ಸಮೇತ ಸ್ಪಷ್ಟವಾಗಿ ಬರುವಂತೆ ಮಾಡಿದವರು ನಮ್ಮ ಪ್ರಿಂಟರ್ ಕೆಲಸದವರು. ಯಾರ್ಡ್‌ನಲ್ಲೇ ನಿಂತು, ತೂಕ ನಡೆಯುವಾಗಲೇ ಗುಮಾಸ್ತರಿಗೆ ಕಲಿಸಿದವರು ತರಬೇತಿಯವರು. ನೆಟ್‌ವರ್ಕ್ ಹೋದಾಗ ಒಂದೇ ಚೀಟಿ ಎರಡು ಸಲ ಬರುವುದನ್ನು ಟೆಸ್ಟಿಂಗ್‌ನವರು ಪಟ್ಟು ಬಿಡದೆ ಹುಡುಕಿದ್ದರಿಂದ ಅದು ಅಂಗಡಿಯವರೆಗೆ ಹೋಗಲಿಲ್ಲ. ಬೆಳಗ್ಗೆ 6ರಿಂದ ಫೋನ್ ಎತ್ತಿದ ಸಪೋರ್ಟ್‌ನವರು, ರೋಲ್ ಖಾಲಿಯಾಗದಂತೆ ನೋಡಿಕೊಂಡ ಆಫೀಸ್ ಸಹಾಯಕರು, ಮೊದಲ ಚೀಟಿಯ ವಿನ್ಯಾಸ ಮಾಡಿಕೊಟ್ಟು ಈಗ ಬೇರೆಡೆ ಇರುವ ನಮ್ಮ ಹಳೆಯ ಸಹೋದ್ಯೋಗಿ, ನಿಮಗೆಲ್ಲ ಧನ್ಯವಾದ. ಶನಿವಾರ ಬೆಳಗ್ಗೆ 9ಕ್ಕೆ ಬೆಣ್ಣೆ ದೋಸೆಗೆ ಸೇರೋಣ."

ಕೊನೆಯ ಸಾಲಿನ "ಸೇರೋಣ" ಬೇಕೆಂದೇ ಆಡುಮಾತಿನಲ್ಲಿದೆ. ಪೂರ್ತಿ ಇಸ್ತ್ರಿ ಮಾಡಿದ ಭಾಷೆ ನಮ್ಮ ಕಡೆ ಮುನಿಸಿನಂತೆ ಕೇಳಿಸುತ್ತದೆ, ಒಂದೆರಡು ಕಡೆ ಮಾತಿನ ಧಾಟಿ ಉಳಿಯಲಿ.

ಪತ್ರವನ್ನು ಎರಡು ದಿನದೊಳಗೆ ಕಳಿಸಿ. ವಾರ ಕಳೆದರೆ ಸಪೋರ್ಟ್‌ನವರ ತಲೆ ಹೊಸ ದೂರುಗಳಲ್ಲಿ ಮುಳುಗಿರುತ್ತದೆ. ಪಿಡಿಎಫ್ ಬೇಡ, ಮೆಸೇಜಿನಲ್ಲೇ ಬರಹವಾಗಿ ಹಾಕಿದರೆ ಎಲ್ಲರೂ ಓದುತ್ತಾರೆ. ಗ್ರೂಪ್‌ನಲ್ಲಿ ಇಲ್ಲದವರಿಗೆ ಪ್ರತ್ಯೇಕವಾಗಿ ಕಳಿಸಿ, ಇಲ್ಲವೇ ಒಂದು ಪ್ರತಿ ತೆಗೆದು ಕೈಗೇ ಕೊಡಿ. ಮೊದಲು ಪ್ರಯೋಗಕ್ಕೆ ಒಪ್ಪಿದ ದಲಾಲಿ ಅಂಗಡಿಯವರಿಗೆ ಇದೇ ಪತ್ರವನ್ನು ಫಾರ್ವರ್ಡ್ ಮಾಡಬೇಡಿ. ಚೀಟಿ ಎರಡು ಸಲ ಬರುತ್ತಿತ್ತು ಎಂಬ ಒಳಗಿನ ಮಾತು ಅದರಲ್ಲಿದೆ, ಅವರಿಗೆ ಬೇರೆಯದೇ ಬರೆಯಬೇಕು.