ನಿಷ್ಠೆ ಒಡೆಯನಿಗೆ, ಅವನ ಮಗನಿಗಲ್ಲ

“ಗುಲಾಮರ ಕೈಗೇ ಕತ್ತಿ ಕೊಟ್ಟು ಕಾವಲಿಗೆ ನಿಲ್ಲಿಸಿಕೊಂಡರಲ್ಲ, ಆ ಸುಲ್ತಾನರಿಗೆ ಅಷ್ಟೂ ಬುದ್ಧಿ ಇರಲಿಲ್ಲವಾ?”

ಇತ್ತು. ಕತ್ತಿಯನ್ನು ಯಾರ ಕೈಗೆ ಕೊಟ್ಟರೆ ಏನಾಗುತ್ತದೆ ಎಂದು ಪೆಟ್ಟು ತಿಂದು ಕಲಿತವರು ಅವರು. ಈಜಿಪ್ಟಿನ ಸುಲ್ತಾನ್ ಅಲ್-ಸಾಲಿಹ್ ಅಯ್ಯೂಬನನ್ನೇ ನೋಡಿ. 1239ರಲ್ಲಿ, ಇನ್ನೂ ಪಟ್ಟಕ್ಕೇರುವ ಮೊದಲು, ನಾಬ್ಲುಸ್‌ನಲ್ಲಿ ಅವನ ಸೈನ್ಯ ಅವನನ್ನು ಬಿಟ್ಟು ಹೋಯಿತು. ಹೋದವರೆಲ್ಲ ಸ್ವತಂತ್ರರು, ಮನೆತನಸ್ಥರು. ಎದುರು ಪಾಳೆಯದಲ್ಲಿದ್ದ ಅವನ ದಾಯಾದಿಗಳ ಕಡೆ ಗಾಳಿ ಬೀಸುತ್ತಿದೆ ಎಂದು ಕಂಡ ಕೂಡಲೇ ಹೊರಟರು. ಅವನ ಜೊತೆ ಉಳಿದದ್ದು ಅವನು ಕೊಂಡು ತಂದಿದ್ದ ಬೆರಳೆಣಿಕೆಯ ಮಮ್ಲೂಕರು, ಅಂದರೆ ಗುಲಾಮ ಸೈನಿಕರು, ಮಾತ್ರ. ಕೆರಕ್ ಕೋಟೆಯಲ್ಲಿ ಸೆರೆಯಿದ್ದು ಬಿಡುಗಡೆಯಾಗಿ, ಮರುವರ್ಷ ಕೈರೋದಲ್ಲಿ ಸುಲ್ತಾನನಾದಾಗ ಯಾರನ್ನು ನಂಬಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅದೇ ಹೊತ್ತಿಗೆ ಮಂಗೋಲರು ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲುಗಳಲ್ಲಿ ಕಿಪ್ಚಾಕ್ ತುರ್ಕರನ್ನು ಧ್ವಂಸ ಮಾಡುತ್ತಿದ್ದರು. ಅಲ್ಲಿನ ಹುಡುಗರು ಗುಂಪುಗುಂಪಾಗಿ ಮಾರುಕಟ್ಟೆಗೆ ಬಂದರು. ತಾಯಿಯಿಂದ ಕಿತ್ತು ತಂದ ಮಕ್ಕಳ ವ್ಯಾಪಾರ ಅದು. ನಾನು ಅದನ್ನು ಸಮರ್ಥಿಸುತ್ತಿಲ್ಲ, ಅದು ಹೇಗೆ ನಡೆಯಿತು ಎಂದಷ್ಟೇ ಹೇಳುತ್ತಿದ್ದೇನೆ. ಅಲ್-ಸಾಲಿಹ್ ಅವರನ್ನು ಕೊಂಡು ನೈಲ್ ನದಿಯ ರೌದಾ ದ್ವೀಪದಲ್ಲಿ ಇರಿಸಿದ. ಹೀಗೆ ಬಂದ ಹುಡುಗರು ಮೊದಲು ಕುರಾನ್, ಪ್ರಾರ್ಥನೆ, ಅಕ್ಷರ ಕಲಿಯಬೇಕು. ಪ್ರಾಯಕ್ಕೆ ಬಂದ ಮೇಲೆ ಕುದುರೆ, ಬಿಲ್ಲು, ಭರ್ಜಿ. ಪಳಗಿದ ಮೇಲೆ ಒಡೆಯನೇ ಅವರನ್ನು ಗುಲಾಮಗಿರಿಯಿಂದ ಬಿಡುಗಡೆ ಮಾಡಿ, ಕುದುರೆ, ಆಯುಧ, ಸಂಬಳ ಕೊಡುತ್ತಿದ್ದ. ಅಂದರೆ ಯುದ್ಧಕ್ಕೆ ಹೋಗುತ್ತಿದ್ದವನು ಆಗಲೇ ಸ್ವತಂತ್ರ. ಆದರೆ ಆ ನಾಡಿನಲ್ಲಿ ಅವನಿಗೆ ಅಪ್ಪ, ಚಿಕ್ಕಪ್ಪ, ಕುಲ, ಊರು ಯಾವುದೂ ಇಲ್ಲ. ಇರುವವರು ಇಬ್ಬರೇ: ಕೊಂಡು ಸಾಕಿದ ಒಡೆಯ, ಜೊತೆಯಲ್ಲಿ ಬೆಳೆದ ಗೆಳೆಯರು.

ಒಂದು ಮದುವೆ ಮನೆಯಲ್ಲಿ ಊಟಕ್ಕೆ ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನನ್ನ ಮಾತನ್ನು ಅರ್ಧಕ್ಕೇ ತಡೆದು “ಹಾವಿಗೆ ಹಾಲೆರೆದ ಹಾಗಾಯ್ತು ಬಿಡಪ್ಪ” ಅಂದರು. ಪಂಕ್ತಿಯಲ್ಲಿದ್ದವರೆಲ್ಲ ತಲೆಯಾಡಿಸಿದರು. ನನಗೆ ಸಿಟ್ಟು ಬಂದಿತ್ತು, ಇನ್ನೂ ಇಳಿದಿಲ್ಲ. ಹಾಲೆರೆದವನನ್ನು ಅವರು ಕಚ್ಚಲೇ ಇಲ್ಲ ಸ್ವಾಮಿ! 1249ರ ನವೆಂಬರಿನಲ್ಲಿ, ಫ್ರಾನ್ಸಿನ ದೊರೆ ಒಂಬತ್ತನೇ ಲೂಯಿ ಈಜಿಪ್ಟಿನ ಬಂದರು ಡಾಮಿಯೆಟ್ಟಾವನ್ನು ಹಿಡಿದು ಕೂತಿದ್ದಾಗ, ಅಲ್-ಸಾಲಿಹ್ ಕಾಯಿಲೆಯಿಂದ ಸತ್ತ. ಹಿಂದೊಮ್ಮೆ ತಾನೂ ಗುಲಾಮಳಾಗಿದ್ದ ಅವನ ಹೆಂಡತಿ ಶಜರ್ ಅಲ್-ದುರ್ ಸಾವನ್ನು ಮುಚ್ಚಿಟ್ಟು ಅವನ ಹೆಸರಿನಲ್ಲೇ ಆಜ್ಞೆ ಹೊರಡಿಸಿದಳು. ಮುಂದಿನ ಫೆಬ್ರವರಿಯಲ್ಲಿ ಮನ್ಸೂರಾದ ಬೀದಿಗಳಿಗೆ ನುಗ್ಗಿದ ಫ್ರೆಂಚ್ ಸವಾರರನ್ನು ಕಡಿದು ಹಾಕಿದ್ದು ಇದೇ ಮಮ್ಲೂಕರು. ಒಡೆಯ ಸತ್ತ ಮೇಲೂ ಅವನ ರಾಜ್ಯ ಉಳಿಸಿದರು.

ಕೆಟ್ಟದ್ದು ಮಗ ಬಂದ ಮೇಲೆ. ದೂರದ ಹಿಸ್ನ್ ಕೈಫಾದಿಂದ ಬಂದ ತುರಾನ್‌ಶಾ ತನ್ನದೇ ಪರಿವಾರ ತಂದಿದ್ದ. ಹುದ್ದೆಗಳು ಅವರಿಗೆ ಹೋದವು. ಕುಡಿದ ರಾತ್ರಿಗಳಲ್ಲಿ ಮೇಣದಬತ್ತಿಗಳ ತಲೆ ಹಾರಿಸುತ್ತ, ಅಪ್ಪನ ಮಮ್ಲೂಕರಿಗೂ ಇದೇ ಗತಿ ಎನ್ನುತ್ತಿದ್ದನಂತೆ. ಅರಬ್ ಚರಿತ್ರೆಕಾರರು ಬರೆದಿಟ್ಟಿದ್ದಾರೆ. 1250ರ ಮೇ ತಿಂಗಳಲ್ಲಿ ಅವರು ಅವನನ್ನು ನೈಲ್ ದಂಡೆಯಲ್ಲಿ ಕೊಂದರು. ಅವರನ್ನು ಕೊಂಡವನು, ಬಿಡುಗಡೆ ಮಾಡಿದವನು ಅಪ್ಪ. ಮಗನ ಋಣ ಅವರ ಮೇಲೆ ಯಾವುದೂ ಇರಲಿಲ್ಲ. ಶಜರ್ ಅಲ್-ದುರ್‌ಳನ್ನೇ ಗದ್ದುಗೆಗೇರಿಸಿದರು; ಕೆಲವೇ ತಿಂಗಳಲ್ಲಿ ಅವಳನ್ನು ಮದುವೆಯಾದ ಮಮ್ಲೂಕ್ ಐಬಕ್ ಸುಲ್ತಾನನಾದ. ಹತ್ತು ವರ್ಷದ ನಂತರ, 1260ರಲ್ಲಿ, ಐನ್ ಜಾಲೂತ್‌ನಲ್ಲಿ ಮಂಗೋಲರನ್ನು ಸೋಲಿಸಿದ್ದೂ ಮಮ್ಲೂಕರೇ.

ಗದ್ದುಗೆ ಸಿಕ್ಕ ಮೇಲೂ ಯಾಕೆ ಹುಡುಗರನ್ನು ಕೊಳ್ಳುತ್ತಲೇ ಹೋದರು? ಇದನ್ನು ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದೇನೆ. ಮಮ್ಲೂಕನ ಮಗ ಸ್ವತಂತ್ರನಾಗಿ, ಮುಸ್ಲಿಮನಾಗಿ ಕೈರೋದಲ್ಲಿ ಹುಟ್ಟಿದವನು. ಅವನನ್ನು ಕೊಳ್ಳುವಂತಿಲ್ಲ. ಹಾಗಾಗಿ ಅಪ್ಪನ ದಳದಲ್ಲಿ ಅವನಿಗೆ ಸಾಮಾನ್ಯವಾಗಿ ಜಾಗವಿಲ್ಲ. ಕಡಿಮೆ ದರ್ಜೆಯ ಸೈನ್ಯಕ್ಕೋ ವಿದ್ಯೆಗೋ ಹೋಗಬೇಕು. ದಳ ತುಂಬಬೇಕಾದರೆ ಮತ್ತೆ ಹುಲ್ಲುಗಾವಲಿನ ಹುಡುಗರೇ ಬೇಕು. ಅದಕ್ಕೆಂದೇ ಮುಂದೆ ಸುಲ್ತಾನನಾದ ಮಮ್ಲೂಕ್ ಬೈಬರ್ಸ್ ಬೈಜಾಂಟಿಯಮ್ ಚಕ್ರವರ್ತಿಯ ಜೊತೆ ಒಪ್ಪಂದ ಮಾಡಿಕೊಂಡು ಕಪ್ಪು ಸಮುದ್ರದ ಹಡಗು ದಾರಿ ತೆರೆದಿಟ್ಟುಕೊಂಡ. ಸಾವಿರ ದಿನಾರಿಗೆ ಬಿಕರಿಯಾಗಿದ್ದ ಕಲಾವೂನ್ ಸುಲ್ತಾನನಾದಾಗ ಇನ್ನೊಂದು ಉಪಾಯ ಹುಡುಕಿದ: ಕಿಪ್ಚಾಕರಿಗೆ ಎದುರಾಗಿ ಕಾಕಸಸ್‌ನ ಚರ್ಕಾಸಿ ಹುಡುಗರನ್ನು ಕೊಂಡು ಕೋಟೆಯ ಬುರುಜುಗಳಲ್ಲಿ ಇರಿಸಿದ. ಮಕ್ಕಳಿಗೆ ಗದ್ದುಗೆ ಭದ್ರವಾಗಲಿ ಎಂಬ ಆಸೆ ಅವನಿಗೂ ಇತ್ತು. ಅವನ ವಂಶದವರು ನೂರು ವರ್ಷ ಹೆಸರಿಗೆ ಸುಲ್ತಾನರಾಗಿದ್ದರು, ಬಹುಪಾಲು ಕಾಲ ಸೇನಾನಾಯಕರಾದ ಅಮೀರರ ಕೈಗೊಂಬೆಗಳಾಗಿ. 1382ರಲ್ಲಿ ಆ ವಂಶದ ಬಾಲಕ ಸುಲ್ತಾನನನ್ನು ಇಳಿಸಿ ಗದ್ದುಗೆ ಏರಿದ ಬರ್ಕೂಕ್ ಚರ್ಕಾಸಿಯವನು, ಬೇರೊಬ್ಬ ಅಮೀರ ಕೊಂಡು ತಂದಿದ್ದ ಹುಡುಗ.