ಒಬ್ಬ ಅಭ್ಯರ್ಥಿ, 6 ಸಾಲು

ಖಾಲಿ ಇರುವ ಪ್ರತಿ ಹುದ್ದೆಗೂ ಅರ್ಜಿ, ಸಂದರ್ಶನ, ಆಫರ್, ಸೇರ್ಪಡೆಗಳ ಲೆಕ್ಕ ಕೊಡುವ ವರದಿಯನ್ನು ಇಂದು ಸಿದ್ಧಪಡಿಸಿದೆ. ಒಬ್ಬ ಅಭ್ಯರ್ಥಿಗೆ 3 ಸುತ್ತು ಸಂದರ್ಶನ ನಡೆದು, ಸಂಬಳ ಪರಿಷ್ಕರಿಸಿ 2 ಬಾರಿ ಆಫರ್ ಕೊಟ್ಟಿದ್ದರೆ, ಟೇಬಲ್‌ಗಳನ್ನು ನೇರವಾಗಿ ಜೋಡಿಸಿದಾಗ ಆ ಒಬ್ಬರೇ 6 ಸಾಲುಗಳಾಗಿ ಬರುತ್ತಾರೆ. ವರದಿಯ ಒಟ್ಟು ಅರ್ಜಿಗಳು ಮೂಲ ಟೇಬಲ್‌ನಲ್ಲಿರುವುದಕ್ಕಿಂತ ಹೆಚ್ಚಾಗಿ ಕಂಡರೆ ಇದೇ ಕಾರಣವಿರಬಹುದೆಂದು ಮೊದಲು ಪರಿಶೀಲಿಸಬೇಕು. ಆದ್ದರಿಂದ ಪ್ರತಿ ಹಂತದಲ್ಲೂ ಆಯಾ ಟೇಬಲ್‌ನ `application_id` ಮೇಲೆ `COUNT(DISTINCT ...)` ಬಳಸಿ, ಸುತ್ತುಗಳ ಬದಲು ಅಭ್ಯರ್ಥಿಗಳನ್ನೇ ಎಣಿಸಿದ್ದೇನೆ. ಹುದ್ದೆಗಳ ಟೇಬಲ್‌ನಿಂದ ಆರಂಭಿಸಿ `LEFT JOIN` ಮಾಡಿದ್ದರಿಂದ ಒಂದೂ ಅರ್ಜಿ ಬಾರದ ಹುದ್ದೆಗಳೂ ಸೊನ್ನೆಯೊಂದಿಗೆ ಉಳಿದುಕೊಂಡಿವೆ. ನೇಮಕಾತಿ ತಂಡದವರು ಮೊದಲು ನೋಡಬೇಕಾದದ್ದು ಆ ಸಾಲುಗಳನ್ನೇ ಎಂದು ನನಗೆ ಅನಿಸುತ್ತದೆ.