ಒಂದು ನಿಮಿಷದ ಕೆಲಸ ಅಲ್ಲ

"ಸಾರ್, ಈ ಕಂಪನಿಗೆ ತುಂಬಾ ಸರ್ಕಾರಿ ಟೆಂಡರ್ ಸಿಕ್ಕಿದೆಯಂತೆ. ನಿಜಾನಾ? ಒಂದು ನಿಮಿಷ ನೋಡಿ ಹೇಳಿಬಿಡಿ."

ಒಂದು ನಿಮಿಷದಲ್ಲಿ ಆಗೋದಿಲ್ಲ. ಮಿಕ್ಕಿದ್ದನ್ನು ಆಮೇಲೆ ಹೇಳುತ್ತೇನೆ.

ನಾನು ತುಮಕೂರಿನಲ್ಲಿ ಬೇರೆಯವರ ಪರವಾಗಿ ಆನ್‌ಲೈನ್‌ನಲ್ಲಿ ಟೆಂಡರ್ ಹಾಕಿಕೊಡುವವನು. ಕಾಂಟ್ರಾಕ್ಟರ್‌ಗಳು ಕಾಗದದ ಕಟ್ಟು, ಡಿಜಿಟಲ್ ಸಹಿಯ ಡಾಂಗಲ್ ತಂದು ಟೇಬಲ್ ಮೇಲಿಟ್ಟು ಹೋಗುತ್ತಾರೆ. ನಾನು ಸ್ಕ್ಯಾನ್ ಮಾಡಿ ಏರಿಸುತ್ತೇನೆ. ಇಷ್ಟಕ್ಕೇ ಊರಿನಲ್ಲಿ ನನಗೆ ಸರ್ಕಾರದ ಬೀರುವಿನ ಕೀಲಿ ಇದೆ ಎಂದು ಜನ ತಿಳಿದುಬಿಟ್ಟಿದ್ದಾರೆ. ಹೋದ ವಾರ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ಬಾಯಿಗೆ ಇಡುವಾಗ ಒಬ್ಬರು ಮೊಬೈಲ್ ಮುಂದೆ ಹಿಡಿದರು. ಒಂದು ಕಂಪನಿಯ ಬ್ರೋಷರ್. ಕೆಳಗೆ ಸಾಲಾಗಿ ಇಲಾಖೆಗಳ ಲಾಂಛನ. "ಇವೆಲ್ಲಾ ಇವರ ಕ್ಲೈಂಟ್ಸಂತೆ, ಅಲ್ವಾ?" ಲಾಂಛನವನ್ನು ನನ್ನ ಮಗಳೂ ಅಂಟಿಸಬಲ್ಲಳು. ಅವಳಿಗೆ ಹತ್ತು ವರ್ಷ.

ನನಗೆ ತಲೆ ಕೆಡುವುದು "ಸಿಕ್ಕಿದೆ" ಎನ್ನುವ ಮಾತಿಗೆ. ಟೆಂಡರ್ ಹಾಕಿದರೂ ಸಿಕ್ಕಿದೆ ಅಂತಾರೆ. ಟೆಕ್ನಿಕಲ್ ಬಿಡ್ ಪಾಸಾದರೂ ಸಿಕ್ಕಿದೆ. ಎಲ್ಲರಿಗಿಂತ ಕಡಿಮೆ ರೇಟು ಬಂದು ಎಲ್-1 ಆದರಂತೂ ಸ್ವೀಟ್ ಹಂಚುತ್ತಾರೆ. ಎಲ್-1 ಆದ ಮೇಲೂ ಟೆಂಡರ್ ರದ್ದಾಗಬಹುದು. ಒಪ್ಪಿಗೆ ಪತ್ರ ಬರಬೇಕು, ಠೇವಣಿ ಕಟ್ಟಬೇಕು, ಕರಾರು ಆಗಬೇಕು, ವರ್ಕ್ ಆರ್ಡರ್ ಕೈಗೆ ಬರಬೇಕು. ಆಮೇಲೆ ಕೆಲಸ ಮಾಡಬೇಕು, ಅದೂ ಒಂದಿದೆ. ಕೊನೆಗೆ ಬಿಲ್. ಬ್ರೋಷರ್‌ನಲ್ಲಿ ಇಷ್ಟೂ ಒಂದೇ ಸಾಲು.

ನಮ್ಮ ಸೋದರಮಾವನ ಕಥೆ ಹೇಳಿದರೆ ಬೇಗ ಅರ್ಥವಾಗುತ್ತದೆ. ಅಂತರಸನಹಳ್ಳಿ ಕಡೆ ಅವರದೊಂದು ಗ್ರಿಲ್ ಶೆಡ್ ಇದೆ. ಕಿಟಕಿ, ಗೇಟು, ಮೆಟ್ಟಿಲ ರೇಲಿಂಗ್ ಮಾಡುತ್ತಾರೆ. ಒಂದು ಸಿವಿಲ್ ಕಂಪನಿಯವರು ಬಂದು, ಶಿರಾ ರಸ್ತೆಯಲ್ಲಿ ಕಲ್ಯಾಣ ಮಂಟಪ ಕಟ್ಟುತ್ತಿದ್ದೇವೆ, ಒಟ್ಟು 1.80 ಕೋಟಿಯ ಕೆಲಸ, ಗ್ರಿಲ್ ಮತ್ತು ಗೇಟು ನೀವೇ ಮಾಡಿ ಅಂದರು. 14 ಲಕ್ಷದ ಮಾಲು, 60 ದಿನ ಸಾಲ. "ನಮ್ಮದು ಸರ್ಕಾರಿ ಕೆಲಸ ಮಾಡೋ ಕಂಪನಿ, ಭಯ ಬೇಡ" ಅಂತ ಆರು ಕೆಲಸಗಳ ಪಟ್ಟಿ ಕೊಟ್ಟರು. ಮಾವ ಪಟ್ಟಿ ತಂದು ನನ್ನ ಮುಂದೆ ಬಿಸಾಕಿ, "ಒಂದು ನಿಮಿಷ ನೋಡಪ್ಪಾ" ಅಂದರು.

ಪಟ್ಟಿಯಲ್ಲಿ ಟೆಂಡರ್ ನಂಬರ್ ಒಂದೂ ಇರಲಿಲ್ಲ. ಅದಿಲ್ಲದೆ ನಾನು ಕಂಪ್ಯೂಟರ್ ಆನ್ ಮಾಡುವುದೇ ದಂಡ. ಸರ್ಕಾರದ ಟೆಂಡರ್ ತಾಣಗಳನ್ನು ಮಾಡಿರುವುದು ಟೆಂಡರ್ ಹುಡುಕುವವರಿಗೆ. ಇಲಾಖೆ, ನಂಬರ್, ದಿನಾಂಕ ಹಾಕಿ ಹುಡುಕಬೇಕು. ಕಂಪನಿ ಹೆಸರು ಬಡಿದರೆ ಅದರ ಜಾತಕ ಬರುತ್ತದೆ ಎಂದುಕೊಂಡವರೇ ಜಾಸ್ತಿ. ಮಾವನ ಕೈಲಿ ಫೋನ್ ಮಾಡಿಸಿ ಆರೂ ಕೆಲಸದ ನಂಬರ್ ಕೇಳಿಸಿದೆ. ನಾಲ್ಕು ದಿನ ಬಿಟ್ಟು ಕಳಿಸಿದರು. ನಿಜವಾಗಿ ಕೆಲಸ ಮಾಡಿದವರಿಗೆ ನಂಬರ್ ಫೈಲಿನ ಮೇಲೇ ಬರೆದಿರುತ್ತದೆ. ನಾಲ್ಕು ದಿನ ಯಾಕೆ ಬೇಕಾಯಿತು ಅಂತ ಆಗಲೇ ಅನ್ನಿಸಿತು.

ಮೊದಲನೆಯದು ರಾಜ್ಯ ಸರ್ಕಾರದ ಕೆಲಸ. ಅದನ್ನು kppp.karnataka.gov.in ನಲ್ಲಿ ನೋಡಬೇಕು. ಲಾಗಿನ್ ಇಲ್ಲದೆಯೂ ಟೆಂಡರ್ ಹುಡುಕಬಹುದು. ನಂಬರಿನಲ್ಲಿ ಇಲಾಖೆ, ಹಣಕಾಸು ವರ್ಷ, ಆಮೇಲೆ WORK_INDENT ಅಂತ ಇರುತ್ತದೆ. ಹುಡುಕಿದರೆ ಅದೇ ನಂಬರಿನ ಬಾಲಕ್ಕೆ CALL-2 ಸೇರಿಸಿದ ಇನ್ನೊಂದು ಟೆಂಡರ್ ಸಿಕ್ಕಿತು. ಅಂದರೆ ಮೊದಲ ಸಲ ಕರೆದದ್ದು ಫಲ ಕೊಡದೆ ಎರಡನೇ ಸಲ ಕರೆದಿದ್ದಾರೆ. ಇವರು ಪಟ್ಟಿಗೆ ಹಾಕಿದ್ದು ಮೊದಲ ಕರೆ. ಎರಡನೆಯದರಲ್ಲಿ ಕೆಲಸ ಬೇರೆಯವರ ಪಾಲಾಗಿತ್ತು ಎಂದು ಆ ವಿಭಾಗದ ಕಚೇರಿಯಲ್ಲಿ ಗೊತ್ತಾಯಿತು.

ಎರಡನೆಯದು ಕೇಂದ್ರ ಸರ್ಕಾರದ ಸಂಸ್ಥೆಯೊಂದರದು. ಅದಕ್ಕೆ eprocure.gov.in ಇದೆ. Tender Status ಒತ್ತಿ, ನಂಬರ್ ಹಾಕಿ, ಆ ವಕ್ರ ಅಕ್ಷರಗಳನ್ನು ಟೈಪ್ ಮಾಡಿದರೆ ಟೆಂಡರ್ ಯಾವ ಹಂತದಲ್ಲಿದೆ, ಯಾರು ಯಾರು ಹಾಕಿದ್ದರು, ಯಾರು ಉಳಿದರು ಅಂತ ತೆರೆದುಕೊಳ್ಳುತ್ತದೆ. AOC, ಅಂದರೆ ಕೆಲಸ ಒಬ್ಬರಿಗೆ ವಹಿಸಿದ ಹಂತಕ್ಕೆ ಬಂದಿದ್ದರೆ ಯಾರಿಗೆ, ಎಷ್ಟಕ್ಕೆ ಕೊಟ್ಟರು ಅನ್ನುವುದೂ ಇರುತ್ತದೆ. ನಮ್ಮವರ ಹೆಸರು ಇತ್ತು. ಟೆಕ್ನಿಕಲ್‌ನಲ್ಲೇ ತಿರಸ್ಕೃತ. ಮಾವನಿಗೆ ತೋರಿಸಿದರೆ, "ಹೆಸರಂತೂ ಇದೆಯಲ್ಲೋ!" ಅಂದರು.

ಮೂರನೆಯದರಲ್ಲಿ ಕರಾರು ಬೇರೆ ಕಂಪನಿಯ ಹೆಸರಿನಲ್ಲಿತ್ತು. ಇವರು ಮಾಡಿದ್ದು ಸಬ್ ಕಾಂಟ್ರಾಕ್ಟ್. ಇದನ್ನು ನಾನು ಮೋಸ ಅನ್ನುವುದಿಲ್ಲ. ನಮ್ಮ ಕಡೆ ಹೆಸರು ಒಬ್ಬರದು, ಬೆವರು ಇನ್ನೊಬ್ಬರದು, ಎಲ್ಲರಿಗೂ ಗೊತ್ತಿರುವುದೇ. ಆದರೆ ಆಗ ಅವರ ಕ್ಲೈಂಟ್ ಸರ್ಕಾರ ಅಲ್ಲ, ಆ ಇನ್ನೊಂದು ಕಂಪನಿ.

ಮಿಕ್ಕ ಮೂರು ನಿಜ. 62 ಲಕ್ಷದ ಶಾಲಾ ಕೊಠಡಿ, ಮುಗಿದು ಎರಡು ವರ್ಷ. 1.40 ಕೋಟಿಯ ಹಾಸ್ಟೆಲ್ ಮತ್ತು 85 ಲಕ್ಷದ ಇನ್ನೊಂದು ಕಟ್ಟಡ, ಎರಡೂ ನಡೆಯುತ್ತಿವೆ.

ನಂಬರ್ ಬಂದ ಮೇಲೆ ಇಷ್ಟು ನೋಡುವುದಕ್ಕೇ ಎರಡು ದಿನ ಹೋಗಿತ್ತು. ನಿಮಿಷದ ಲೆಕ್ಕ ನೀವೇ ಹಾಕಿಕೊಳ್ಳಿ.

ಅಷ್ಟಕ್ಕೇ ಮಾವ ಕುಣಿದರು. "ಮೂರು ನಿಜ ಅಲ್ವಾ, ಸಾಕು ಬಿಡು." ನಿಜವಾಗಿ ಕೇಳಬೇಕಾದ ಪ್ರಶ್ನೆ ಯಾರೂ ಕೇಳದೆ ಹೋಗುವುದು ಇಲ್ಲೇ. ಕೈ ತುಂಬಾ ಸರ್ಕಾರಿ ಕೆಲಸ ಇರುವವನ ಹತ್ತಿರ ನಿಮ್ಮ ಕೆಲಸಕ್ಕೆ ಶಕ್ತಿ ಎಷ್ಟು ಉಳಿದಿದೆ? ಮಾಡಿದ ಕೆಲಸಕ್ಕೆ ಬಿಲ್ ಆಗಿದೆಯಾ? ಇದನ್ನು ಕೇಳಿ. ಇದಕ್ಕೆ ನಾನು ಇಡ್ಲಿ ಬಿಟ್ಟು ಎದ್ದು ಬಂದು ಉತ್ತರ ಕೊಡುತ್ತೇನೆ.

ಮೊದಲ ಪ್ರಶ್ನೆಗೆ ಸರ್ಕಾರವೇ ಒಂದು ಲೆಕ್ಕ ಇಟ್ಟಿದೆ. ಕರ್ನಾಟಕದ ಸಿವಿಲ್ ಕೆಲಸಗಳಿಗೆ ಬಳಸುವ ಕೆಡಬ್ಲ್ಯೂ-4 ಟೆಂಡರ್ ದಾಖಲೆಯಲ್ಲಿ ಬಿಡ್ ಸಾಮರ್ಥ್ಯದ ಸೂತ್ರ ಸಿಗುತ್ತದೆ:

```
A × N × 1.5 − B
```

A ಅಂದರೆ ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಅತಿ ಹೆಚ್ಚಿನ ಕೆಲಸ, ಈಗಿನ ಬೆಲೆಗೆ ತಂದು. N ಹೊಸ ಕೆಲಸ ಮುಗಿಸಲು ಎಷ್ಟು ವರ್ಷ ಕೊಟ್ಟಿದ್ದಾರೆ ಅನ್ನುವುದು. B ಆ ಅವಧಿಯೊಳಗೆ ಮುಗಿಸಬೇಕಾದ, ಈಗಾಗಲೇ ಕೈಯಲ್ಲಿರುವ ಕೆಲಸದ ಬಾಕಿ ಮೊತ್ತ. ಒಳ್ಳೆಯ ವರ್ಷದ ಒಂದೂವರೆ ಪಟ್ಟು ಎಳೆಯಬಹುದು, ಅದರಲ್ಲಿ ಈಗ ಹೊತ್ತಿರುವುದನ್ನು ಕಳೆಯಿರಿ, ಅಷ್ಟೇ.

ಕಂಪನಿಯವರ ಆಡಿಟ್ ಆದ ಲೆಕ್ಕದಲ್ಲಿ ಅತಿ ಹೆಚ್ಚಿನ ವರ್ಷ 1.10 ಕೋಟಿ. ಒಂದು ವರ್ಷದ ಕೆಲಸ ಅಂದುಕೊಂಡರೆ, ಒಂದೂವರೆ ಪಟ್ಟು ಹಾಕಿದಾಗ 1.65 ಕೋಟಿ. B ಗೊತ್ತಾಗಬೇಕಾದರೆ ಕಾಗದ ಸಾಲದು. ಭಾನುವಾರ ಮಾವನನ್ನು ಗಾಡಿ ಹಿಂದೆ ಕೂರಿಸಿಕೊಂಡು ಹಾಸ್ಟೆಲ್ ಸೈಟಿಗೆ ಹೋದೆ. ಬೋರ್ಡಿನ ಮೇಲೆ ಶುರುವಾದ ದಿನ, ಮುಗಿಯಬೇಕಾದ ದಿನ ಎರಡೂ ಬರೆದಿತ್ತು. 11 ತಿಂಗಳ ಅವಧಿಯಲ್ಲಿ ಒಂಬತ್ತು ತಿಂಗಳು ಹೋಗಿತ್ತು. ಗೋಡೆ ಇನ್ನೂ ಲಿಂಟಲ್ ಮಟ್ಟ. ಜಲ್ಲಿಯ ರಾಶಿ ಮೇಲೆ ಹುಲ್ಲು ಬೆಳೆದಿತ್ತು. ಕಾವಲುಗಾರ ಒಬ್ಬನೇ ಇದ್ದ. "ಮೇಸ್ತ್ರಿಗಳು ಹಬ್ಬಕ್ಕೆ ಹೋದವರು ಬಂದಿಲ್ಲ ಸ್ವಾಮಿ" ಅಂದ. ಯಾವ ಹಬ್ಬ ಅಂತ ಕೇಳಿದೆ. ಯುಗಾದಿಯಂತೆ. ನಾವು ಹೋಗಿದ್ದು ಆಷಾಢದಲ್ಲಿ.

ಬಾಕಿಯನ್ನು ಉದಾರವಾಗಿಯೇ ಹಿಡಿದೆ. ಹಾಸ್ಟೆಲ್‌ಗೆ 1.05 ಕೋಟಿ, ಇನ್ನೊಂದಕ್ಕೆ 45 ಲಕ್ಷ. ಒಟ್ಟು 1.50. ಅಲ್ಲಿಗೆ ಈ ಕಂಪನಿಗೆ ಉಳಿದ ಶಕ್ತಿ 15 ಲಕ್ಷ. ಹೊರಲು ಹೊರಟಿದ್ದು 1.80 ಕೋಟಿಯ ಮಂಟಪ. ಸರ್ಕಾರಿ ಟೆಂಡರ್ ಆಗಿದ್ದರೆ ಈ ಲೆಕ್ಕವೇ ಬಾಗಿಲಲ್ಲಿ ತಡೆಯಬೇಕಿತ್ತು. ಖಾಸಗಿ ಕೆಲಸಕ್ಕೆ ಬಾಗಿಲೂ ಇಲ್ಲ, ಕಾವಲೂ ಇಲ್ಲ. ಸೂತ್ರ ದೇವರ ವಾಕ್ಯ ಅಲ್ಲ, ಒಪ್ಪುತ್ತೇನೆ. ಕೈಯಲ್ಲಿ ಸ್ವಂತ ದುಡ್ಡಿರುವವನು ಅದನ್ನು ಮೀರಿಯೂ ಕೆಲಸ ಮುಗಿಸುತ್ತಾನೆ. ಆದರೆ 15 ಲಕ್ಷಕ್ಕೂ 1.80 ಕೋಟಿಗೂ ನಡುವೆ ಇರುವುದು ಬಿರುಕಲ್ಲ, ಬಾವಿ.

ಹಾಸ್ಟೆಲ್ ಟೆಂಡರನ್ನು ಅಂದಾಜು ಮೊತ್ತಕ್ಕಿಂತ ಶೇ. 18 ಕಡಿಮೆಗೆ ಹಿಡಿದಿದ್ದರು. ಇಷ್ಟು ಬಿಲೋ ಹಾಕಿದವನು ನಷ್ಟವನ್ನು ಎಲ್ಲಾದರೂ ತುಂಬಿಕೊಳ್ಳಬೇಕು. ಸಾಲಕ್ಕೆ ಮಾಲು ಕೊಡುವವನ ಜೇಬು ಹತ್ತಿರ ಇರುತ್ತದೆ.

ಎರಡನೇ ಪ್ರಶ್ನೆ, ಬಿಲ್. ಇಲಾಖೆ ದುಡ್ಡು ಕೊಡುವಾಗ ಟಿಡಿಎಸ್ ಹಿಡಿಯುತ್ತದೆ. ಹಿಡಿದದ್ದು ಕಂಪನಿಯ 26ಎಎಸ್ ಎನ್ನುವ ಆದಾಯ ತೆರಿಗೆಯ ಪಟ್ಟಿಯಲ್ಲಿ ಕೂರುತ್ತದೆ. ಹಿಡಿದವರು ಯಾರು, ಯಾವಾಗ, ಎಷ್ಟು ಮೊತ್ತಕ್ಕೆ, ಎಲ್ಲಾ ಇರುತ್ತದೆ. ಬ್ರೋಷರ್‌ನ ಲಾಂಛನಗಳನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ದುಡ್ಡು ಕೊಟ್ಟ ಕ್ಲೈಂಟ್ ಇದರಲ್ಲಿ ಇರಲೇಬೇಕು. ಆದರೆ ಇದು ಬೇರೆಯವರು ಕದ್ದು ನೋಡುವ ಕಾಗದ ಅಲ್ಲ. ಕಂಪನಿಯೇ ತೆಗೆದು ಕೊಡಬೇಕು. ಕೇಳಿದಾಗ ಅವರ ಮುಖ ಹೇಗಾಗುತ್ತದೆ ಅನ್ನುವುದೂ ಒಂದು ದಾಖಲೆಯೇ. ಕೊಡದಿದ್ದರೆ ಮಾಹಿತಿ ಹಕ್ಕು ಇದೆ. 10 ರೂಪಾಯಿ, 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಟೆಂಡರ್ ನಂಬರ್ ಬರೆದು ವರ್ಕ್ ಆರ್ಡರ್ ಮತ್ತು ಕೊನೆಯ ಬಿಲ್ಲಿನ ಪ್ರತಿ ಕೇಳಿ. "ಈ ಕಂಪನಿ ಹೇಗೆ" ಅಂತ ಬರೆದು ಕಳಿಸಿದವರನ್ನೂ ಕಂಡಿದ್ದೇನೆ.

ತಿರುಗಿಸಿಯೂ ಹೇಳಬೇಕು, ಇಲ್ಲದಿದ್ದರೆ ನನ್ನ ಮೇಲೇ ಬರುತ್ತೀರಿ. ಹೆಸರು ಸಿಗಲಿಲ್ಲ ಅಂದ ಮಾತ್ರಕ್ಕೆ ಕಂಪನಿ ಸುಳ್ಳಲ್ಲ. ಎಷ್ಟೋ ಕಡೆ ಲೈಸೆನ್ಸ್ ಮಾಲೀಕನ ಸ್ವಂತ ಹೆಸರಿನಲ್ಲಿರುತ್ತದೆ, ಬೋರ್ಡಿನ ಮೇಲೆ ಮಾತ್ರ ಕಂಪನಿ. ಸಣ್ಣ ಮೊತ್ತದ ಕೆಲಸ ಈ ತಾಣಕ್ಕೆ ಬರುವುದೇ ಇಲ್ಲ. ನಿರ್ಮಿತಿ ಕೇಂದ್ರದಂಥ ಸಂಸ್ಥೆಗಳಿಗೆ ಟೆಂಡರ್ ಇಲ್ಲದೆ ವಹಿಸಿದ ಕೆಲಸದ ಕೆಳಗೆ ದುಡಿದವರೂ ಇದ್ದಾರೆ. ಅಂಥವರ ಹತ್ತಿರ ಕೆಲಸ ಮುಗಿಸಿದ ಪ್ರಮಾಣಪತ್ರ ಕೇಳಿ, ಸಹಿ ಮಾಡಿದ ಕಚೇರಿಗೆ ಹೋಗಿ ವಿಚಾರಿಸಿ.

ಮಾವ 26ಎಎಸ್ ಕೇಳಿದರು. "ಗ್ರಿಲ್ ಮಾಡೋರಿಗೆ ಇನ್ಕಮ್ ಟ್ಯಾಕ್ಸ್ ಕಾಗದ ಯಾಕ್ರೀ?" ಅಂತ ಆ ಕಡೆಯಿಂದ ಬಂತು. ಅರ್ಧ ಮುಂಗಡ ಕೊಡಿ, ಮಿಕ್ಕಿದ್ದು ಮಾಲು ಇಳಿಸುವಾಗ ಕೊಡಿ ಅಂತ ಮಾವ ಹೇಳಿದರು. ಅಲ್ಲಿಗೆ ಫೋನ್ ನಿಂತಿತು.

ಆ ಆರ್ಡರ್ ಹೋಗಿದ್ದು ನನ್ನಿಂದ ಅಂತ ಮಾವ ಈಗಲೂ ಮನೆಯ ಪ್ರತಿ ಫಂಕ್ಷನ್‌ನಲ್ಲೂ ಹೇಳುತ್ತಾರೆ. ಮಂಟಪದ ಗ್ರಿಲ್ ಅದೇ ಸಾಲಿನಲ್ಲಿ ನಾಲ್ಕು ಶೆಡ್ ಆಚೆಯವರು ಮಾಡಿಕೊಟ್ಟರು. ಅವರಿಗೆ ದುಡ್ಡು ಬಂತಾ ಅಂತ ಕೇಳಿ ಬನ್ನಿ ಅಂದರೆ ಮಾತ್ರ ಮಾವ ಹೋಗುವುದಿಲ್ಲ.